ಮರಳಿನ ರಾಶಿಯೂ ಬಿಲ್ಲಿನ ಅಂಕಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಗೋದಾಮು ಕಟ್ಟಿಸುವ ವರ್ತಕರಾಗಲಿ, ಸಿಮೆಂಟ್ ಇಟ್ಟಿಗೆ ತಯಾರಿಸುವ ಸಣ್ಣ ಉದ್ಯಮಿಗಳಾಗಲಿ ಮರಳನ್ನು ಕೊಳ್ಳುವುದು ಸಾಮಾನ್ಯವಾಗಿ "ಲೋಡ್" ಲೆಕ್ಕದಲ್ಲಿ. ಬಿಲ್ಲಿನಲ್ಲಿ ಕೆಲವರು ಬ್ರಾಸ್ ಎಂದೂ ಕೆಲವರು ಯೂನಿಟ್ ಎಂದೂ ಬರೆಯುತ್ತಾರೆ. ಎರಡರ ಅರ್ಥವೂ 100 ಘನ ಅಡಿ. ಲಾರಿ ಅಂಗಳದಲ್ಲಿ ಮರಳನ್ನು ಸುರಿದು ಹೋದ ಮೇಲೆ ಮಾಲೀಕರು ಟೇಪು ಹಿಡಿದು ರಾಶಿಯನ್ನು ಅಳೆಯುತ್ತಾರೆ, ಬಿಲ್ಲಿಗೆ ಹೋಲಿಸುತ್ತಾರೆ. ಕಡಿಮೆ ಬಂದರೆ ಜಗಳ, ಸರಿ ಬಂದರೆ ಸಮಾಧಾನ. ಈ ಜಗಳವೂ ಈ ಸಮಾಧಾನವೂ ಎಷ್ಟೋ ಬಾರಿ ಆಧಾರವಿಲ್ಲದವು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಮರಳನ್ನು ಗಾತ್ರದಲ್ಲಿ ಕೊಳ್ಳುವ ಪದ್ಧತಿಯನ್ನು ಬಿಟ್ಟು ತೂಕದಲ್ಲಿ ಕೊಳ್ಳುವ ಪದ್ಧತಿಗೆ ನಾವು ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ರಾಶಿಯ ಅಳತೆಯನ್ನೇ ನೋಡೋಣ. ಸಮತಟ್ಟಾದ ನೆಲದ ಮೇಲೆ ದುಂಡಗೆ ಬಿದ್ದ ರಾಶಿಯ ಗಾತ್ರ ತಿಳಿಯಲು ಸುಲಭವಾದ ಲೆಕ್ಕವೊಂದಿದೆ. ಬುಡದ ಸುತ್ತಳತೆಯನ್ನು ಅದೇ ಸುತ್ತಳತೆಯಿಂದ ಗುಣಿಸಿ, ಬಂದುದನ್ನು ಎತ್ತರದಿಂದ ಗುಣಿಸಿ, 37.7ರಿಂದ ಭಾಗಿಸಬೇಕು. ಸುತ್ತಳತೆ 44 ಅಡಿ, ಎತ್ತರ ನಾಲ್ಕೂವರೆ ಅಡಿ ಇದ್ದರೆ ಗಾತ್ರ 231 ಘನ ಅಡಿ ಎಂದಾಗುತ್ತದೆ. ಲೆಕ್ಕ ಸರಿಯೇ, ಆದರೆ ಅಳತೆ ಸರಿಯಾಗಿ ಸಿಗುವುದು ಕಷ್ಟ. ಎತ್ತರದಲ್ಲಿ ಮೂರು ಅಂಗುಲ ತಪ್ಪಿದರೆ ಸುಮಾರು 13 ಘನ ಅಡಿಯೂ, ಸುತ್ತಳತೆಯಲ್ಲಿ ಒಂದು ಅಡಿ ತಪ್ಪಿದರೆ ಸುಮಾರು 10 ಘನ ಅಡಿಯೂ ವ್ಯತ್ಯಾಸವಾಗುತ್ತದೆ. ಟಿಪ್ಪರಿನಿಂದ ಸುರಿದ ರಾಶಿ ದುಂಡಗಿರದೆ ಉದ್ದನೆಯದಾಗಿ ಬೀಳುವುದರಿಂದ ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ಉದ್ದವು ಅಗಲದ ಒಂದೂವರೆ ಪಟ್ಟು ಇದ್ದರೆ ಈ ಲೆಕ್ಕವು ನಿಜಕ್ಕಿಂತ ಶೇಕಡಾ 6ರಷ್ಟು ಹೆಚ್ಚು ತೋರಿಸುತ್ತದೆ. ಹಳೆಯ ಮರಳಿನ ಮೇಲೆಯೋ ದಿಬ್ಬದ ಮೇಲೆಯೋ ಸುರಿಸಿಕೊಂಡಿದ್ದರಂತೂ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಆದುದರಿಂದ ಗಾತ್ರ ಅಳೆಯುವುದೇ ಆದರೆ ಸುರಿಯುವ ಮುನ್ನ, ಲಾರಿಯ ತೊಟ್ಟಿಯಲ್ಲಿಯೇ ಅಳೆಯಬೇಕು. ತೊಟ್ಟಿಯ ಒಳ ಉದ್ದ, ಒಳ ಅಗಲ ಇವನ್ನು ಟೇಪಿನಿಂದ ಹಿಡಿಯಿರಿ. ಆಳವನ್ನು ತೊಟ್ಟಿಯ ಅಂಚಿನಿಂದ ಹೊರಗೆ ಅಳೆಯದೆ, ತೆಳುವಾದ ಕಬ್ಬಿಣದ ಕಂಬಿಯನ್ನು ಮರಳಿನೊಳಗೆ ತಳ ಮುಟ್ಟುವವರೆಗೆ ಚುಚ್ಚಿ ಅಳೆಯಿರಿ. ಮುಂದೆ ಮೂರು, ನಡುವೆ ಮೂರು, ಹಿಂದೆ ಮೂರು, ಹೀಗೆ ಒಂಬತ್ತು ಕಡೆ ಚುಚ್ಚಿ ಸರಾಸರಿ ತೆಗೆದರೆ ಮೇಲಿನ ಉಬ್ಬುತಗ್ಗುಗಳು ಲೆಕ್ಕಕ್ಕೆ ಬರುತ್ತವೆ. ತಳದಲ್ಲಿ ಹಲಗೆ ಜೋಡಿಸಿ ಎತ್ತರಿಸಿದ್ದರೆ ಅದೂ ಬಯಲಾಗುತ್ತದೆ. ಇದಕ್ಕೆ ಹತ್ತು ನಿಮಿಷ ಸಾಕು.

ಈಗ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕೋಣ. ಬಿಲ್ಲಿನಲ್ಲಿ ಎರಡೂವರೆ ಬ್ರಾಸ್, ಎಂದರೆ 250 ಘನ ಅಡಿ ಎಂದು ಬರೆದಿದೆ. ತೊಟ್ಟಿಯ ಒಳ ಉದ್ದ 12 ಅಡಿ, ಅಗಲ 7 ಅಡಿ. ಒಂಬತ್ತು ಕಡೆ ಚುಚ್ಚಿದ ಆಳದ ಸರಾಸರಿ 2 ಅಡಿ 8 ಅಂಗುಲ. ಗುಣಿಸಿದರೆ 224 ಘನ ಅಡಿ. ಬಿಲ್ಲಿಗಿಂತ 26 ಘನ ಅಡಿ ಕಡಿಮೆ. ಇಷ್ಟು ಕೊರತೆಗೆ ಸರಬರಾಜುದಾರನೇ ಉತ್ತರ ಹೇಳಬೇಕು. ಇಲ್ಲಿ ವಿವಾದಕ್ಕೆ ಎಡೆಯಿಲ್ಲ. ಇದೇ ಮರಳನ್ನು ಸುರಿದ ಮೇಲೆ ಅಳೆದರೆ, ಬೀಳುವಾಗ ಸಡಿಲಗೊಳ್ಳುವುದರಿಂದ, ನಾನು ಮೇಲೆ ಹೇಳಿದ 231 ಘನ ಅಡಿಯ ರಾಶಿ ಕಾಣಿಸಿದರೂ ಆಶ್ಚರ್ಯವಿಲ್ಲ.

ಆದರೆ ದೊಡ್ಡ ನಷ್ಟವಿರುವುದು ಈ 26 ಘನ ಅಡಿಯಲ್ಲಿ ಅಲ್ಲ, ಮರಳಿನ ತೇವದಲ್ಲಿ. ಮರಳಿಗೆ ಅಲ್ಪ ಪ್ರಮಾಣದ ನೀರು ತಗುಲಿದಾಗ ಪ್ರತಿ ಕಣದ ಸುತ್ತ ತೆಳುವಾದ ನೀರಿನ ಪೊರೆ ಕಟ್ಟಿಕೊಂಡು, ಕಣಗಳು ಒಂದಕ್ಕೊಂದು ಒತ್ತಾಗಿ ಕೂರದೆ ದೂರ ನಿಲ್ಲುತ್ತವೆ. ಇದರಿಂದ ರಾಶಿ ಉಬ್ಬುತ್ತದೆ. ಶೇಕಡಾ 4ರಿಂದ 6ರಷ್ಟು ತೇವವಿರುವಾಗ ಈ ಉಬ್ಬು ಗರಿಷ್ಠ ಮಟ್ಟದಲ್ಲಿದ್ದು, ಶೇಕಡಾ 20ರಿಂದ 30ರವರೆಗೂ ಹೋಗಬಹುದು. ಮರಳು ಸಣ್ಣದಾದಷ್ಟೂ ಉಬ್ಬು ಹೆಚ್ಚು. ಮರಳು ನೀರಿನಲ್ಲಿ ಪೂರ್ತಿ ಮುಳುಗಿದಾಗ ಪೊರೆಗಳು ಕಳೆದು, ಅದು ಮತ್ತೆ ಒಣಮರಳಿನಷ್ಟೇ ಜಾಗಕ್ಕೆ ಇಳಿಯುತ್ತದೆ. ಈ ಕಡೆಯ ಗುಣವೇ ನಮಗೆ ಪರೀಕ್ಷೆಯ ದಾರಿಯನ್ನು ತೋರಿಸುತ್ತದೆ.

ನೇರ ಬದಿಯುಳ್ಳ ಗಾಜಿನ ಜಾಡಿಯೊಂದನ್ನು ತೆಗೆದುಕೊಳ್ಳಿ. ಲೋಡಿನ ನಾಲ್ಕಾರು ಕಡೆಗಳಿಂದ, ಮೇಲ್ಪದರವನ್ನು ಸರಿಸಿ ಒಳಗಿನ ಮರಳನ್ನು ತೆಗೆದು ಬೆರೆಸಿ, ಜಾಡಿಗೆ ಒತ್ತದೆ ಸಡಿಲವಾಗಿ 20 ಸೆಂಟಿಮೀಟರ್ ಎತ್ತರಕ್ಕೆ ತುಂಬಿ. ಆ ಮರಳನ್ನು ಒಂದು ಪಾತ್ರೆಗೆ ಸುರಿದುಕೊಂಡು ಜಾಡಿಗೆ ಅರ್ಧದಷ್ಟು ನೀರು ಹಾಕಿ, ಮರಳನ್ನು ನಿಧಾನವಾಗಿ ನೀರಿಗೆ ಮರಳಿ ಬಿಡುತ್ತ ಕಂಬಿಯಿಂದ ಕಲಕಿ. ಮರಳು ತಳಕ್ಕೆ ಕುಳಿತ ಮೇಲೆ ಅದರ ಎತ್ತರವನ್ನು ನೋಡಿ. ನಮ್ಮ ಉದಾಹರಣೆಯಲ್ಲಿ ಅದು 16 ಸೆಂಟಿಮೀಟರಿಗೆ ನಿಂತಿತೆನ್ನೋಣ. ಹಾಗಾದರೆ ಲಾರಿಯಲ್ಲಿದ್ದ 224 ಘನ ಅಡಿಯ ಇಪ್ಪತ್ತರಲ್ಲಿ ಹದಿನಾರು ಪಾಲು, ಎಂದರೆ ಸುಮಾರು 179 ಘನ ಅಡಿ ಮಾತ್ರ ನಿಜವಾದ ಮರಳು. ಉಳಿದ 45 ಘನ ಅಡಿ ಬರೀ ಉಬ್ಬು. ಕುಳಿತ ಮರಳಿನ ಮೇಲೆ ಮಣ್ಣಿನ ಕೆಸರಿನ ಪದರ ಕಾಣಿಸಿದರೆ ಅದನ್ನು ಎತ್ತರಕ್ಕೆ ಸೇರಿಸಬಾರದು.

ಇಲ್ಲಿ ನಾವು ನ್ಯಾಯವಾಗಿ ಮಾತನಾಡಬೇಕು. ಆ 45 ಘನ ಅಡಿಯನ್ನು ಯಾರೂ ಕದ್ದಿಲ್ಲ. ಸರಬರಾಜುದಾರನು ತುಂಬಿದ್ದೂ 224 ಘನ ಅಡಿಯೇ, ತಂದಿದ್ದೂ ಅಷ್ಟೇ. ಒಣಮರಳನ್ನು ಕೊಡುತ್ತೇನೆಂದು ಅವನು ಬಿಲ್ಲಿನಲ್ಲಿ ಬರೆದುಕೊಟ್ಟಿಲ್ಲ. ಎರಡು ವಾರ ಬಿಸಿಲಿಗೆ ಒಣಗಿ, ಕೆದಕಿ ಬಳಸುವಾಗ ಕುಗ್ಗಿದ ರಾಶಿಯನ್ನು ಕಂಡು "ಅರ್ಧ ಬ್ರಾಸ್ ಕಡಿಮೆ ಹಾಕಿದ್ದಾನೆ" ಎಂದು ವರ್ಷಗಳ ಪರಿಚಯದ ಸರಬರಾಜುದಾರನ ಮೇಲೆ ಹರಿಹಾಯುವುದು ಅನ್ಯಾಯ. ದೋಷವಿರುವುದು ಮನುಷ್ಯನಲ್ಲಿ ಅಲ್ಲ, ಗಾತ್ರದಲ್ಲಿ ಮಾರುವ ಪದ್ಧತಿಯಲ್ಲಿ.

ತೂಕಕ್ಕೆ ಬಂದರೆ ಚಿತ್ರವೇ ಬದಲಾಗುತ್ತದೆ. ಒಂದು ಘನ ಅಡಿಯ ಪೆಟ್ಟಿಗೆಗೆ ಒಣಮರಳು ತುಂಬಿ ತೂಗಿದಾಗ 44 ಕಿಲೋ ಬಂದಿತೆಂದು ಇಟ್ಟುಕೊಳ್ಳೋಣ. ಮರಳಿನ ಜಾತಿಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುವುದರಿಂದ ಪ್ರತಿಯೊಬ್ಬರೂ ತಮ್ಮ ಮರಳನ್ನು ತಾವೇ ತೂಗಿಕೊಳ್ಳಬೇಕು. ಆ ಲೆಕ್ಕದಲ್ಲಿ 224 ಘನ ಅಡಿ ಒಣಮರಳಾಗಿದ್ದರೆ ಸುಮಾರು 9.9 ಟನ್ ತೂಗುತ್ತಿತ್ತು. ನಮ್ಮ ಲಾರಿಯಲ್ಲಿ ನಿಜವಾದ ಮರಳು 7.9 ಟನ್, ಅದರ ಮೇಲೆ ಶೇಕಡಾ 5ರಷ್ಟು ನೀರು, ಒಟ್ಟು 8.3 ಟನ್. ಹಸಿ ಮರಳು ಭಾರ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಒಂದೇ ಗಾತ್ರದ ಎರಡು ಲೋಡುಗಳಲ್ಲಿ ತೇವದ ಲೋಡೇ ಹಗುರ ಎಂಬುದನ್ನು ವೇಬ್ರಿಡ್ಜ್ ತೋರಿಸಿಕೊಡುತ್ತದೆ. ಗಾತ್ರದಲ್ಲಿ ಕೊಂಡವನು ಈ ತೇವದಿಂದ ಐದರಲ್ಲಿ ಒಂದು ಪಾಲು ಮರಳನ್ನು ಕಳೆದುಕೊಂಡ. ಅದೇ ಮರಳನ್ನು ತೂಕದಲ್ಲಿ ಕೊಂಡಿದ್ದರೆ ಇಪ್ಪತ್ತರಲ್ಲಿ ಒಂದು ಪಾಲು ನೀರಿಗೆ ಹಣ ಕೊಟ್ಟಂತಾಗುತ್ತಿತ್ತು, ಅಷ್ಟೇ.

ತೂಕಕ್ಕೂ ಒಂದು ಮಿತಿಯುಂಟು. ಹೊಳೆಯಿಂದ ಆಗತಾನೆ ಎತ್ತಿದ, ಅಥವಾ ಎಂ-ಸ್ಯಾಂಡ್ ಘಟಕದಲ್ಲಿ ತೊಳೆದ ಕೂಡಲೇ ತುಂಬಿದ ಮರಳು ತನ್ನ ಜೊತೆ ಬಹಳ ನೀರನ್ನು ಹೊತ್ತು ಬರುತ್ತದೆ. ಹಿಂದಿನ ಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿರುವ ಲಾರಿಯನ್ನು ತೂಕಕ್ಕೆ ಒಪ್ಪಬಾರದು. ನೀರು ಬಸಿದ ಮೇಲೆ ತೂಗಿಸಬೇಕು. ಹಾಗೆಯೇ ತುಂಬಿದ ಗಾಡಿಯ ತೂಕದ ಜೊತೆಗೆ ಖಾಲಿ ಗಾಡಿಯ ತೂಕವನ್ನೂ ಅದೇ ದಿನ, ಅದೇ ವೇಬ್ರಿಡ್ಜಿನಲ್ಲಿ ಮಾಡಿಸಬೇಕು. ಹಳೆಯ ಚೀಟಿಯಲ್ಲಿನ ಖಾಲಿ ತೂಕವನ್ನು ನಂಬಿದರೆ ಡೀಸೆಲ್, ಸ್ಟೆಪ್ನಿ, ತೊಟ್ಟಿಯಲ್ಲಿ ಅಂಟಿಕೊಂಡ ಮರಳು ಎಲ್ಲವೂ ನಮ್ಮ ಖಾತೆಗೆ ಸೇರುತ್ತವೆ.

ಇಟ್ಟಿಗೆ ಮತ್ತು ಕಬ್ಬಿಣದ ಬಗ್ಗೆ ಎರಡು ಮಾತು ಸಾಕು. ಚೆಲ್ಲಿದ ಇಟ್ಟಿಗೆಯ ರಾಶಿಯನ್ನು ಅಳೆದು ಸಂಖ್ಯೆ ಊಹಿಸುವುದು ವ್ಯರ್ಥ. ಅಟ್ಟಿ ಕಟ್ಟಿಸಿ ಉದ್ದ, ಅಗಲ, ಎತ್ತರದ ಸಾಲುಗಳನ್ನು ಎಣಿಸಿ ಗುಣಿಸಬೇಕು. ಕಬ್ಬಿಣದ ಸರಳುಗಳಿಗೆ ಗಾತ್ರದ ಅಳತೆ ಹೊಂದುವುದೇ ಇಲ್ಲ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗಳಲ್ಲಿ ಬರುತ್ತದೆ. 12 ಮಿ.ಮೀ. ಸರಳಿಗೆ ಅದು 0.89 ಕಿಲೋ. ಸರಳುಗಳ ಸಂಖ್ಯೆ ಮತ್ತು ಉದ್ದದಿಂದ ಗುಣಿಸಿ ವೇಬ್ರಿಡ್ಜ್ ಚೀಟಿಗೆ ಹೋಲಿಸಬಹುದು. ಮರಳೊಂದನ್ನೇ ನಾವು ಇನ್ನೂ ಕಣ್ಣಳತೆಗೆ ಬಿಟ್ಟುಕೊಂಡಿದ್ದೇವೆ.

ಕಾಯಿದೆಯೂ ಈ ಬದಲಾವಣೆಯ ಪರವಾಗಿಯೇ ಇದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು 2011ರಿಂದ ಜಾರಿಯಲ್ಲಿದ್ದು, ಮೆಟ್ರಿಕ್ ಮಾನಗಳಲ್ಲದೆ ಬೇರೆ ಮಾನದಲ್ಲಿ ದರ ಹೇಳುವುದನ್ನೂ ಬಿಲ್ಲು ಬರೆಯುವುದನ್ನೂ ಒಪ್ಪುವುದಿಲ್ಲ. ಬ್ರಾಸ್, ಯೂನಿಟ್, ಲೋಡ್ ಇವು ಯಾವುವೂ ಆ ಮಾನಗಳಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿಯಲ್ಲಿ ಪ್ರಮಾಣವನ್ನು ಮೆಟ್ರಿಕ್ ಟನ್ನುಗಳಲ್ಲಿ ನಮೂದಿಸುತ್ತಾರೆ. ಪರವಾನಗಿ ಟನ್ನಿನಲ್ಲಿ, ಬಿಲ್ಲು ಬ್ರಾಸಿನಲ್ಲಿ ಇದ್ದರೆ ಎರಡನ್ನೂ ತಾಳೆ ನೋಡುವ ಬಗೆ ಹೇಗೆ?

ಸರಬರಾಜುದಾರರ ಆಕ್ಷೇಪವೂ ನನಗೆ ತಿಳಿದಿದೆ. ಇಂದಿನ ಬ್ರಾಸ್ ದರದಲ್ಲಿ ತೇವದ ಲೋಡಿನ ಉಳಿತಾಯವೂ ಸೇರಿಹೋಗಿದೆ, ತೂಕಕ್ಕೆ ಬಂದರೆ ಟನ್ನಿನ ದರ ಏರಿಸಬೇಕಾಗುತ್ತದೆ ಎಂದು ಅವರು ಹೇಳುತ್ತಾರೆ. ಏರಿಸಲಿ. ಕಾಣುವ ದರ ಹೆಚ್ಚಾದರೂ ಕೊಂಡದ್ದು ಎಷ್ಟೆಂಬುದು ಕೊಂಡವನಿಗೆ ಗೊತ್ತಿರುತ್ತದೆ, ಇಬ್ಬರು ಸರಬರಾಜುದಾರರ ದರಗಳನ್ನು ಹೋಲಿಸುವುದೂ ಸಾಧ್ಯವಾಗುತ್ತದೆ. ಒಣಮರಳನ್ನೇ ಕೊಡುವ ಪ್ರಾಮಾಣಿಕನು ಇಂದು ತೇವದ ಮರಳಿನವನೆದುರು ದುಬಾರಿಯಾಗಿ ಕಾಣುತ್ತಿದ್ದಾನೆ. ಅವನಿಗೂ ಇದರಿಂದ ನ್ಯಾಯ ದೊರೆಯುತ್ತದೆ.

ವೇಬ್ರಿಡ್ಜ್ ಹತ್ತಿರವಿಲ್ಲದ ಹಳ್ಳಿಗಳಲ್ಲಿ ಇದು ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಅಲ್ಲಿಯವರೆಗೆ ಪ್ರತಿ ಚಲನ್ನಿನ ಮೇಲೆ ತೊಟ್ಟಿಯ ಉದ್ದ, ಅಗಲ, ಒಂಬತ್ತು ಕಡೆಯ ಸರಾಸರಿ ಆಳ, ಜಾಡಿಯಲ್ಲಿ ಮರಳು ಕುಳಿತ ಎತ್ತರ ಈ ನಾಲ್ಕು ಅಂಕಿಗಳನ್ನು ಬರೆದು ಚಾಲಕನ ಸಹಿ ಪಡೆಯುವ ರೂಢಿ ಬರಲಿ. ಇದಕ್ಕೊಂದು ಮಾದರಿ ಚಲನ್ನನ್ನು ನಮ್ಮ ಸಂಸ್ಥೆಯೇ ಮುದ್ರಿಸಿ ಐದೂ ತಾಲ್ಲೂಕುಗಳ ಸದಸ್ಯರಿಗೆ ಹಂಚಬೇಕೆಂದೂ, ಮರಳು ಸರಬರಾಜುದಾರರನ್ನು ಕರೆದು ಟನ್ನಿನ ದರದ ಬಗ್ಗೆ ಮಾತುಕತೆ ನಡೆಸಬೇಕೆಂದೂ ಕಾರ್ಯಕಾರಿ ಸಮಿತಿಯಲ್ಲಿ ವಿನಂತಿಸುತ್ತೇನೆ.