ಹುಲಿಯ ಹಳದಿ ಯಾವುದು? (ಸ್ಕ್ರೀನ್ ಸರಣಿ, ಭಾಗ 3)

ದಸರಾ ಮುಗಿದ ಮರುದಿನ ನಮ್ಮ ಫೀಡ್ ತುಂಬಾ ಪಿಲಿವೇಷ. ಒಂದೇ ತಂಡ, ಒಂದೇ ಬಣ್ಣ. ಆದರೆ ಒಬ್ಬರ ಫೋಟೋದಲ್ಲಿ ಹುಲಿ ನಿಂಬೆಹಣ್ಣಿನ ಹಾಗೆ, ಇನ್ನೊಬ್ಬರದ್ದರಲ್ಲಿ ಕಿತ್ತಳೆ, ಮತ್ತೊಬ್ಬರದ್ದರಲ್ಲಿ ಮಾಸಿದ ಅರಿಶಿನ. ಎಲ್ಲರೂ ಕ್ಯಾಮೆರಾವನ್ನು ಬೈತಾರೆ, ಪ್ರಿಂಟ್ ಕಪ್ಪಾಗಿ ಬಂದರೆ ಸ್ಟುಡಿಯೋದವರನ್ನು ಬೈತಾರೆ. ನನ್ನ ಪ್ರಕಾರ ಹೆಚ್ಚಿನ ಸಲ ತಪ್ಪು ಇವರಿಬ್ಬರದ್ದೂ ಅಲ್ಲ, ನೀವು ಎಡಿಟ್ ಮಾಡಿದ ಸ್ಕ್ರೀನಿನದ್ದು.

ಒಂದು ಫೋಟೋದ ಹಿಂದೆ ಹೋಗೋಣ. ರಾತ್ರಿ, ಕುದ್ರೋಳಿ ಮೆರವಣಿಗೆ. ಕ್ಯಾಮೆರಾದ ಸ್ಕ್ರೀನಲ್ಲಿ ಹುಲಿ ಫಳಫಳ ಹೊಳೀತದೆ. ಸುತ್ತ ಕತ್ತಲೆ ಇರುವಾಗ ಸಣ್ಣ ಸ್ಕ್ರೀನ್ ಕೂಡ ದೀಪದ ಹಾಗೆ ಕಾಣ್ತದೆ, ಆದ್ದರಿಂದ ಕಮ್ಮಿ ಬೆಳಕಿನ ಫೋಟೋ ಸಹ "ಸರಿ ಉಂಟು" ಅಂತ ಅನಿಸ್ತದೆ. ನೀವು ರಾ ತೆಗೆದರೂ ಅಲ್ಲಿ ಕಾಣುವುದು ಕ್ಯಾಮೆರಾ ತನ್ನದೇ ಕಾಂಟ್ರಾಸ್ಟ್, ಬಣ್ಣ ಸೇರಿಸಿ ಮಾಡಿದ ಜೆಪೆಗ್ ಮಾತ್ರ. ಅಲ್ಲಿ ನಂಬಬೇಕಾದ್ದು ಹಿಸ್ಟೋಗ್ರಾಮ್. ಗುಡ್ಡೆ ಪೂರ್ತಿ ಎಡಗಡೆಗೆ ಒತ್ತಿಕೊಂಡು ಹುಲಿಯ ಮೈಯ ಬೆಳಕೂ ಅಲ್ಲೇ ಇದ್ದರೆ ಫೋಟೋ ಕಪ್ಪು, ಸ್ಕ್ರೀನ್ ಏನೇ ಹೇಳಲಿ.

ಅದೇ ಫೋಟೋ ಫೋನಿಗೆ ಬಂತು. ಹೆಚ್ಚಿನ ಅಮೋಲೆಡ್ ಫೋನ್‌ಗಳಲ್ಲಿ Vivid ಅಂತ ಒಂದು ಮೋಡ್ ಉಂಟು, ಅದು ಬಣ್ಣಗಳನ್ನು ಎಳೆದು ಗಾಢ ಮಾಡ್ತದೆ. ಹಳದಿ ಉರೀತದೆ, ಪಟ್ಟೆ ಕಡುಕಪ್ಪು. ಆಮೇಲೆ ಲ್ಯಾಪ್‌ಟಾಪಲ್ಲಿ ತೆರೆದರೆ ಹುಲಿ ಜ್ವರ ಬಂದವರ ಹಾಗೆ! ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರದಲ್ಲಿ "45% NTSC" ಅಂತ ಬರೆದಿರ್ತದಲ್ಲ, ಅದರ ಅರ್ಥ ಇದೇ. ಜಾಲದಲ್ಲಿ ಎಲ್ಲರೂ ಬಳಸುವ sRGB ಪೂರ್ತಿ ಕಾಣಲು ಅದೇ ಅಳತೆಯಲ್ಲಿ ಸುಮಾರು 72% ಬೇಕು.

ಈಗ ನೀವು ಲ್ಯಾಪ್‌ಟಾಪಲ್ಲಿ ಸ್ಯಾಚುರೇಶನ್ +30 ಮಾಡ್ತೀರಿ. ಅಲ್ಲಿ ಚಂದ ಕಾಣ್ತದೆ. ಫೋಟೋದ ಒಳಗೆ ಮಾತ್ರ ಕೆಂಪು ಚಾನೆಲ್ 255ಕ್ಕೆ ತಾಗಿ ನಿಂತಿದೆ, ನೀಲಿ ಸೊನ್ನೆಗೆ ಇಳಿದಿದೆ. ಬೇರೆಯವರ ಫೋನಲ್ಲಿ ನೋಡಿದರೆ ಹುಲಿಯ ಎದೆ ಒಂದೇ ಹಳದಿ ತುಂಡು. ಬಣ್ಣ ಹಚ್ಚಿದವರು ಗಂಟೆಗಟ್ಟಲೆ ಕೂತು ತಂದ ನೆರಳು, ಬ್ರಷ್ಷಿನ ಗುರುತು, ಹಳದಿಯಿಂದ ಕಿತ್ತಳೆಗೆ ಹೋಗುವ ಆ ಸಣ್ಣ ಬದಲಾವಣೆ, ಎಲ್ಲ ಹೋಯ್ತು. ನನಗೆ ಬೇಜಾರಾಗುವುದು ಅಲ್ಲೇ ಮಾರಾಯ್ರೆ. ನಾವು ಅಳಿಸ್ತಾ ಇರುವುದು ಇನ್ನೊಬ್ಬರ ಕೆಲಸ.

ಹಾಗಾದರೆ ಎಂತ ಮಾಡುವುದು? ಸ್ಲೈಡರ್ ಮುಟ್ಟುವ ಮೊದಲು ಸ್ಕ್ರೀನ್ ಸರಿ ಮಾಡಿ.

👉 ಲ್ಯಾಪ್‌ಟಾಪ್ ಆನ್ ಮಾಡಿ ಅರ್ಧ ಗಂಟೆ ಬಿಡಿ. Night light ಆಫ್ ಮಾಡಿ. ಕಿಟಕಿಯ ಬಿಸಿಲು ಸ್ಕ್ರೀನ್ ಮೇಲೆ ಬೀಳಬಾರದು.

👉 ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್ ಟ್ಯೂಬ್‌ಲೈಟಿನ ಹಾಗೆ ಕಂಡರೆ ಬ್ರೈಟ್‌ನೆಸ್ ಜಾಸ್ತಿ. ಹಾಳೆಗೆ ಹತ್ತಿರ ಬರುವವರೆಗೆ ಇಳಿಸಿ. ಪ್ರಿಂಟ್ ಕಪ್ಪಾಗಿ ಬರಲು ದೊಡ್ಡ ಕಾರಣ ಇದೇ: ಸ್ಕ್ರೀನ್ ಅತಿಯಾಗಿ ಬೆಳಗುವಾಗ ಕಪ್ಪು ಫೋಟೋ ಕೂಡ ಸಾಕಷ್ಟು ಬೆಳಕಿದ್ದ ಹಾಗೆ ಕಾಣ್ತದೆ, ನೀವು ಹಾಗೇ ಕಳಿಸ್ತೀರಿ.

👉 ವಿಂಡೋಸಲ್ಲಿ Win+R ಒತ್ತಿ dccw ಅಂತ ಟೈಪ್ ಮಾಡಿ. ಗಾಮಾ ಪುಟದಲ್ಲಿ ವೃತ್ತಗಳ ನಡುವಿನ ಚುಕ್ಕೆ ಆದಷ್ಟು ಮಾಯವಾಗಬೇಕು. ಬೂದು ಪಟ್ಟಿಗಳ ಪುಟದಲ್ಲಿ ನೀಲಿ, ಕೆಂಪು, ಹಸಿರಿನ ಛಾಯೆ ಇರಬಾರದು, ಬರೀ ಬೂದು ಕಾಣಬೇಕು. ಬೇರೆ ಮಾನಿಟರ್ ಇದ್ದರೆ ಅದರ ಮೆನುವಿನಲ್ಲಿ sRGB ಮೋಡ್ ಹುಡುಕಿ, ಮೊದಲು ಅದನ್ನೇ ಹಾಕಿ.

👉 ಫೋನಲ್ಲಿ Vivid ಬದಲು Natural. ಫೋಟೋ ಎಕ್ಸ್‌ಪೋರ್ಟ್ ಮಾಡುವಾಗ sRGB.

ಇದು ಕಣ್ಣಿನ ಲೆಕ್ಕ, ಅದಕ್ಕೊಂದು ಮಿತಿ ಉಂಟು. 45% ಸ್ಕ್ರೀನ್ ತನ್ನಲ್ಲಿ ಇಲ್ಲದ ಹಳದಿಯನ್ನು ಯಾವ ಸೆಟ್ಟಿಂಗಿನಿಂದಲೂ ತೋರಿಸಲಾರದು. ಹಾಗಾಗಿ ಅಂಥ ಲ್ಯಾಪ್‌ಟಾಪಲ್ಲಿ ಹುಲಿ ಸ್ವಲ್ಪ ಪೇಲವ ಕಂಡರೆ ಹಾಗೇ ಬಿಡಿ, ಎಡಿಟರಿನ ಹಿಸ್ಟೋಗ್ರಾಮಲ್ಲಿ ಕೆಂಪು ಗೆರೆ ಬಲ ಗೋಡೆಗೆ ಗುದ್ದದಂತೆ ನೋಡಿಕೊಳ್ಳಿ. ನಿಖರವಾಗಿ ಬೇಕೆಂದರೆ ಸ್ಕ್ರೀನಿಗೆ ತೂಗುಹಾಕಿ ಬಣ್ಣ ಅಳೆಯುವ ಕಲರಿಮೀಟರ್ ಬೇಕು. ಒಬ್ಬರಿಗೆ ಅದು ದುಬಾರಿ, ಆದರೆ ತಿಂಗಳಿಗೊಮ್ಮೆ ಹತ್ತಿಪ್ಪತ್ತು ನಿಮಿಷ ಸಾಕಾಗುವ ಸಾಮಾನು. ಕ್ಲಾಸಿಗೊಂದು ಸೇರಿ ತಗೊಂಡರೆ ಎಲ್ಲರದ್ದೂ ಆಗ್ತದೆ.

"ನೋಡುವವರ ಫೋನೇ ಬೇರೆ ಬೇರೆ, ನಾನೊಬ್ಬ ಸರಿ ಮಾಡಿ ಏನು ಪ್ರಯೋಜನ?" ಅಂತ ಕೇಳ್ತೀರಿ. ಅದಕ್ಕೇ ಮಾಡಬೇಕು. ನಿಮ್ಮ ಫೋಟೋ ನಡುವಿನಲ್ಲಿದ್ದರೆ ಒಬ್ಬರಿಗೆ ಸ್ವಲ್ಪ ಗಾಢ, ಇನ್ನೊಬ್ಬರಿಗೆ ಸ್ವಲ್ಪ ಪೇಲವ, ಅಷ್ಟೇ. ಮೊದಲೇ ಅತ್ತ ವಾಲಿದ್ದರೆ ಅವರ Vivid ಅದನ್ನು ಪೂರ್ತಿ ಕೆಡಿಸ್ತದೆ.

ಈಗ ನಿಮ್ಮ ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಯಾವ ಮೋಡ್ ಇದೆ ನೋಡಿ, ಕಮೆಂಟಲ್ಲಿ ಹಾಕಿ. ಭಾಗ 4ರಲ್ಲಿ ಪ್ರಿಂಟಿಗೆ ಕಳಿಸುವ ಫೈಲ್.

#ಪಿಲಿವೇಷ #ಮಂಗಳೂರುದಸರಾ #ಸ್ಕ್ರೀನ್‌ಸರಣಿ