ಕೆಸರಿನ ಕಸುಬು

ಹೊಳೆನರಸೀಪುರದ ಕಡೆ, ಹೇಮಾವತಿಯ ನೀರುಣ್ಣುವ ಗದ್ದೆಯೊಂದರಲ್ಲಿ ನಾಟಿಯಾಗಿ ತಿಂಗಳು ಕಳೆದ ಮೇಲೆ ಪೈರಿನ ನಡುವೆ ಕಾಲೂರಿದವರು, ಹಿಮ್ಮಡಿಯ ಸುತ್ತ ಗುಳುಗುಳು ಎಂದು ಗುಳ್ಳೆಗಳೇಳುವುದನ್ನು ಕಂಡೇ ಇರುತ್ತಾರೆ. ಆ ಗುಳ್ಳೆಯಲ್ಲಿಯೂ, ಚನ್ನರಾಯಪಟ್ಟಣದ ಕೊಟ್ಟಿಗೆಯಲ್ಲಿ ಮೆಲುಕಾಡುತ್ತ ಮಲಗಿದ ಹಸುವಿನ ತೇಗಿನಲ್ಲಿಯೂ ಇರುವುದು ಮೀಥೇನ್ ಅನಿಲ. ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ಬಹುಕಾಲ ಬ್ಯಾಕ್ಟೀರಿಯಾಗಳೆಂದೇ ಎಣಿಸಲಾಗಿತ್ತು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಅವುಗಳ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿ, ಇವು ಬೇರೆಯದೇ ವಂಶದವೆಂದು ಸಾರಿದರು. ಇಂದು ಆ ವಂಶಕ್ಕೆ ಆರ್ಕಿಯಾ ಎಂದು ಹೆಸರು.

ಕಣ್ಣಿಗೆ ಎರಡೂ ಒಂದೇ ಬಗೆಯ ಕಿರುಗುಂಡು, ಕಿರುಕಡ್ಡಿಗಳು, ಭೇದವಿರುವುದು ಕಟ್ಟಡದಲ್ಲಿ. ಬ್ಯಾಕ್ಟೀರಿಯಾದ ಪೊರೆಯಲ್ಲಿ ನೇರವಾದ ಕೊಬ್ಬಿನಾಮ್ಲದ ಸರಪಳಿಗಳು ಗ್ಲಿಸರಾಲಿಗೆ ಎಸ್ಟರ್ ಬಂಧದಿಂದ ಸೇರಿರುತ್ತವೆ. ಆರ್ಕಿಯಾದಲ್ಲಾದರೋ ಸರಪಳಿಗಳು ಕವಲೊಡೆದವು, ಬಂಧವು ಸುಲಭವಾಗಿ ಸೀಳದ ಈಥರ್ ಬಂಧ, ಗ್ಲಿಸರಾಲಿನ ಜೋಡಣೆಯೂ ಎಡಗೈಗೆ ಬಲಗೈ ಇದ್ದಂತೆ ತಿರುಗುಮುರುಗು. ಗೋಡೆಯ ಮಾತೂ ಹಾಗೆಯೇ. ಬಹುಪಾಲು ಬ್ಯಾಕ್ಟೀರಿಯಾಗಳ ಗೋಡೆ ಮ್ಯುರೀನ್ ಎಂಬ ಹೆಣಿಗೆಯದು. ಹಸುವಿನ ಮೊದಲ ಹೊಟ್ಟೆಯಲ್ಲಿ ನೆಲೆಸಿದ ಮೆಥನೋಬ್ರೆವಿಬ್ಯಾಕ್ಟರ್ ಎಂಬ ಆರ್ಕಿಯಾದ ಗೋಡೆ ಅದನ್ನು ಹೋಲುವ, ಆದರೆ ಬೇರೆ ಸಕ್ಕರೆಯಿಂದ ಬೇರೆ ಕೊಂಡಿಯಲ್ಲಿ ಹೆಣೆದ ಹುಸಿಮ್ಯುರೀನಿನದು. ಬೇರೆ ಕೆಲವು ಆರ್ಕಿಯಾಗಳಿಗೆ ಪ್ರೋಟೀನಿನ ಹೊದಿಕೆಯೇ ಗೋಡೆ. ಆದಕಾರಣ ಮ್ಯುರೀನಿನ ಹೆಣಿಗೆಯನ್ನು ತಡೆದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಪೆನಿಸಿಲಿನ್ ಇವನ್ನು ಮುಟ್ಟದು. ಹಸುವಿನ ನಾಲ್ಕನೆಯ ಹೊಟ್ಟೆ ಬ್ಯಾಕ್ಟೀರಿಯಾಗಳನ್ನು ಅರಗಿಸಿಕೊಳ್ಳಲೆಂದೇ ಸುರಿಸುವ ಲೈಸೋಜೈಮಿಗೂ ಹುಸಿಮ್ಯುರೀನ್ ಸೀಳುವುದಿಲ್ಲ.

ಇಷ್ಟು ಗಟ್ಟಿಯಾದ ಪೊರೆ, ಇಷ್ಟು ವಿಲಕ್ಷಣವಾದ ಗೋಡೆ ಇರುವುದರಿಂದಲೇ ಇವು ಗದ್ದೆಯಲ್ಲಿಯೂ ಹೊಟ್ಟೆಯಲ್ಲಿಯೂ ಸಮೃದ್ಧವಾಗಿವೆಯೆಂದು ತರ್ಕಿಸುವುದು ಸಹಜ. ನನ್ನ ಮಟ್ಟಿಗೆ ಆ ತರ್ಕ ಸಲ್ಲದು. ಈಥರ್ ಬಂಧದ ಬಲವು ಕುದಿಯುವ ಬಿಸಿನೀರ ಬುಗ್ಗೆಗಳಲ್ಲಿ ಬಾಳುವ ಆರ್ಕಿಯಾಗಳಿಗೆ ಉಪಕಾರಿಯೇ ಸರಿ. ಆದರೆ ಹಸುವಿನ ಹೊಟ್ಟೆಯ ಶಾಖ ಸುಮಾರು 39 ಡಿಗ್ರಿ, ಗದ್ದೆಯ ಕೆಸರು ಅದಕ್ಕಿಂತ ತಂಪು, ಮತ್ತು ಎರಡೆಡೆಯಲ್ಲಿಯೂ ಬ್ಯಾಕ್ಟೀರಿಯಾಗಳು ಕೋಟ್ಯನುಕೋಟಿಯಾಗಿ ಸುಖವಾಗಿಯೇ ಇವೆ. ಪೊರೆಯೂ ಗೋಡೆಯೂ ಇವುಗಳ ವಂಶವನ್ನು ಹೇಳುತ್ತವೆ. ನೆಲೆಯನ್ನು ಕೊಟ್ಟದ್ದು ಕಸುಬು. ಹಸು ತಿಂದ ಹುಲ್ಲಿನ ನಾರನ್ನು ಬ್ಯಾಕ್ಟೀರಿಯಾ ಮೊದಲಾದವು ಹುಳಿಸುವಾಗ ಜಲಜನಕವು ಬಿಡುಗಡೆಯಾಗುತ್ತದೆ, ಅದು ಕೂಡಿಬಿದ್ದರೆ ಹುಳಿಸುವ ಕಾರ್ಯವೇ ಕುಂಟುತ್ತದೆ. ನಾಲ್ಕು ಪಾಲು ಜಲಜನಕಕ್ಕೆ ಒಂದು ಪಾಲು ಇಂಗಾಲದ ಡೈಆಕ್ಸೈಡನ್ನು ಕೂಡಿಸಿ ಮೀಥೇನ್ ಮಾಡಿ ಅದರಿಂದಲೇ ಬದುಕುವ ವಿದ್ಯೆ ಆರ್ಕಿಯಾಗಳದು. ಬ್ಯಾಕ್ಟೀರಿಯಾಗಳಲ್ಲಿ ಹೀಗೆ ಜೀವಿಸುವುದನ್ನು ಕಂಡವರಿಲ್ಲ. ನೆರೆಯವರ ಕಸವನ್ನೇ ಅನ್ನ ಮಾಡಿಕೊಂಡವರಿಗೆ ಆ ಕೇರಿಯಲ್ಲಿ ಎಡೆ ತಪ್ಪುವುದುಂಟೆ?

ಗದ್ದೆಯಲ್ಲಿ ಇದೇ ಕಥೆ ನಿಧಾನವಾಗಿ, ಕಣ್ಣೆದುರಿಗೇ ನಡೆಯುತ್ತದೆ. ನೀರು ಕಟ್ಟಿದ ಮಣ್ಣಿನಲ್ಲಿ ಆಮ್ಲಜನಕವು ಒಂದೆರಡು ದಿನದೊಳಗೆ ತೀರುತ್ತದೆ. ಬಳಿಕ ಸೂಕ್ಷ್ಮಜೀವಿಗಳು ನೈಟ್ರೇಟನ್ನೂ, ಮ್ಯಾಂಗನೀಸನ್ನೂ, ಮಣ್ಣಿಗೆ ಕೆಂಪು ಕೊಡುವ ಕಬ್ಬಿಣವನ್ನೂ, ಸಲ್ಫೇಟನ್ನೂ ಹೆಚ್ಚುಕಡಿಮೆ ಇದೇ ಸರದಿಯಲ್ಲಿ ಬಳಸಿಕೊಳ್ಳುತ್ತವೆ. ಇವುಗಳಲ್ಲಿ ಯಾವುದಾದರೂ ಉಳಿದಿರುವವರೆಗೆ ಜಲಜನಕವೂ ಅಸಿಟೇಟೂ ಅವುಗಳನ್ನು ಬಳಸುವವರ ಪಾಲು. ಎಲ್ಲವೂ ಮುಗಿದು, ಕೆಂಪು ಮಣ್ಣು ಬೂದುಗಪ್ಪಾದಾಗ ಆರ್ಕಿಯಾದ ಸರದಿ. ಹಸಿ ಹುಲ್ಲನ್ನೋ ಕೂಳೆಯನ್ನೋ ಉತ್ತು ಕೆಸರಿಗೆ ಸೇರಿಸಿದ್ದರೆ ಆ ಸರದಿ ಬೇಗ ಬರುತ್ತದೆ. ಹುಟ್ಟಿದ ಅನಿಲದಲ್ಲಿ ಗುಳ್ಳೆಯಾಗಿ ಏಳುವುದು ಸ್ವಲ್ಪವೇ. ಬಹುಭಾಗವು ಬತ್ತದ ದಂಟಿನೊಳಗಣ ಗಾಳಿಕೊಳವೆಗಳ ಮೂಲಕ ಸದ್ದಿಲ್ಲದೆ ಬಾನಿಗೆ ಸೇರುತ್ತದೆ. ಒಂದು ತೆಂಡೆಯನ್ನು ಕಿತ್ತು ಬೇರು ತೊಳೆದು ನೋಡಿದರೆ ತುಕ್ಕಿನ ಬಣ್ಣದ ಲೇಪ ಕಾಣುತ್ತದೆ: ಅದೇ ಕೊಳವೆಯಲ್ಲಿ ಕೆಳಗಿಳಿದ ಆಮ್ಲಜನಕವು ಬೇರಿನ ಸುತ್ತಣ ಕಬ್ಬಿಣವನ್ನು ಮತ್ತೆ ಕೆಂಪಾಗಿಸಿದ ಗುರುತು.

ಈ ತುಕ್ಕಿನಲ್ಲೇ ಉಪಾಯವೂ ಇದೆ. ಔಷಧವು ಗೋಡೆಯನ್ನು ಮುರಿಯದಿದ್ದರೂ ಗಾಳಿಯು ಕಸುಬನ್ನು ಕೆಡಿಸಬಲ್ಲುದು. ತೆಂಡೆಯೊಡೆಯುವ ಕಾಲದಲ್ಲಿ ಗದ್ದೆಯ ನೀರನ್ನು ಕೆಲದಿನ ಬಸಿದರೆ ಕಬ್ಬಿಣವು ಮತ್ತೆ ಕೆಂಪಾಗುತ್ತದೆ; ಪುನಃ ನೀರು ಕಟ್ಟಿದಾಗ ಆ ಕಬ್ಬಿಣ ತೀರುವವರೆಗೆ ಆರ್ಕಿಯಾಗಳು ಕಾಯಲೇಬೇಕು. ಆದರೆ ಗೊಬ್ಬರದ ಸಾರಜನಕ ಹೇರಳವಾಗಿರುವಾಗ ಬಸಿದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಪ್ರಬಲವಾದ ಶಾಖಾನಿಲವು ಹೊರಡುತ್ತದೆ. ಹೂವಾಡುವಾಗ ಒಣಗಿಸಿದರೆ ಕಾಳು ಜೊಳ್ಳಾಗುತ್ತದೆ. ಇದು ಬದುವಿನ ಮೇಲೆ ನಿಂತು ದಿನವೆಣಿಸಿ ಮಾಡಬೇಕಾದ ಕೆಲಸ.

ಹಾಸನ, ಅರಕಲಗೂಡುಗಳ ರೈತರಲ್ಲಿ ನನ್ನ ಬಿನ್ನಹವಿಷ್ಟೆ: ಬೇಕಾದಾಗ ನೀರು ಮರಳಿ ಸಿಕ್ಕುವ ಭರವಸೆಯಿರುವ ಒಂದೇ ಒಂದು ಮಡಿಯಲ್ಲಿ ಈ ಸಲ ತೆಂಡೆಗಾಲದಲ್ಲಿ ನೀರನ್ನು ಬಸಿದು, ಮತ್ತೆ ಕಟ್ಟಿ, ವಾರ ಕಳೆದ ಮೇಲೆ ಅದರಲ್ಲೊಮ್ಮೆ, ಪಕ್ಕದ ಮಡಿಯಲ್ಲೊಮ್ಮೆ ಕಾಲೂರಿ ಗುಳ್ಳೆಗಳನ್ನು ಹೋಲಿಸಿ ನೋಡಿರಿ.