ನೀರಿನ ಪರೀಕ್ಷೆಯಲ್ಲಿ ಹಾಲಿನ ಸಕ್ಕರೆಗೇನು ಕೆಲಸ? ಬ್ಯಾಕ್ಟೀರಿಯಾದೊಳಗಿನ ‘ಲ್ಯಾಕ್ ಒಪೆರಾನ್’ ಸ್ವಿಚ್‌ನ ಕಥೆ

ನೀರು ತಿಳಿಯಾಗಿದ್ದರೆ, ವಾಸನೆ ಇಲ್ಲದಿದ್ದರೆ ಕುಡಿಯಬಹುದು ಎಂದು ಅನೇಕರು ನಂಬುತ್ತಾರೆ. ಇದು ತಪ್ಪು. ಚರಂಡಿ ನೀರು ಸ್ವಲ್ಪವೇ ಸೇರಿದ್ದರೂ ಅದು ಕಣ್ಣಿಗೆ ಕಾಣುವುದಿಲ್ಲ. ಮೈಸೂರಿನ ಯಾದವಗಿರಿಯ ನಲ್ಲಿಯಲ್ಲಿ ಬರುವ ಕಾವೇರಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು ಇಷ್ಟೇ: 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಪತ್ತೆಯಾಗಬಾರದು. ಇ. ಕೋಲಿ ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ವಾಸಿಸುತ್ತದೆ. ಅದು ನೀರಿನಲ್ಲಿ ಸಿಕ್ಕರೆ ಮಲ ಸೇರಿರುವ ಸೂಚನೆ.

ಇದನ್ನು ಹುಡುಕಲು ಪ್ರಯೋಗಾಲಯಗಳು ಬಳಸುವ ಒಂದು ಆಹಾರ ಮಿಶ್ರಣದ ಹೆಸರು ಮ್ಯಾಕಾಂಕಿ. ಅದರಲ್ಲಿರುವ ಸಕ್ಕರೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಗ್ಲೂಕೋಸ್ ಹಾಕುವುದಿಲ್ಲ. ಯಾಕೆ?

ಸ್ವಿಚ್ ಆಫ್ ಆಗಿರುವಾಗ

ಲ್ಯಾಕ್ಟೋಸ್ ತಿನ್ನಲು ಇ. ಕೋಲಿಗೆ ಮುಖ್ಯವಾಗಿ ಎರಡು ಪ್ರೋಟೀನ್ ಬೇಕು. ಒಂದು, ಲ್ಯಾಕ್ಟೋಸನ್ನು ಒಳಗೆ ತರುವ ಬಾಗಿಲು. ಇನ್ನೊಂದು, ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಕಿಣ್ವ. ಇವುಗಳ ಜೀನ್‌ಗಳು ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲಿವೆ ಮತ್ತು ಒಂದೇ ಸ್ವಿಚ್‌ನಿಂದ ನಡೆಯುತ್ತವೆ. ಹೀಗೆ ಒಂದೇ ಸ್ವಿಚ್ ಇರುವ ಜೀನ್‌ಗಳ ಗುಂಪೇ ಒಪೆರಾನ್. ಇದನ್ನು 1961ರಲ್ಲಿ ವಿವರಿಸಿದವರು ಫ್ರಾನ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. 1965ರಲ್ಲಿ ಇವರಿಗೆ ಆಂಡ್ರೆ ಲ್ವಾಫ್ ಜೊತೆ ನೊಬೆಲ್ ಬಂತು.

ನಲ್ಲಿ ನೀರಿನಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ. ಆಗ ರೆಪ್ರೆಸರ್ ಎಂಬ ಪ್ರೋಟೀನ್ ಈ ಜೀನ್‌ಗಳ ಮುಂದೆ ಡಿಎನ್‌ಎಗೆ ಅಂಟಿಕೊಂಡು ದಾರಿ ಕಟ್ಟಿರುತ್ತದೆ. ಬೇಡದ ಕಿಣ್ವ ತಯಾರಿಸಿ ಶಕ್ತಿ ಪೋಲಾಗುವುದು ಹೀಗೆ ತಪ್ಪುತ್ತದೆ. ಆದರೆ ರೆಪ್ರೆಸರ್ ಆಗಾಗ ಕ್ಷಣಕಾಲ ಕಳಚುತ್ತದೆ. ಆ ಸಂದಿನಲ್ಲಿ ಕೆಲವೇ ಕೆಲವು ಬಾಗಿಲು, ಕಿಣ್ವಗಳು ತಯಾರಾಗುತ್ತವೆ.

ಲ್ಯಾಕ್ಟೋಸ್ ಬಂದಾಗ

ಆ ಸೋರಿಕೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮ್ಯಾಕಾಂಕಿಯಲ್ಲಿರುವ ಲ್ಯಾಕ್ಟೋಸ್ ಆ ಕೆಲವೇ ಬಾಗಿಲುಗಳ ಮೂಲಕ ಒಳಗೆ ಬರುತ್ತದೆ. ಅಲ್ಲಿದ್ದ ಕಿಣ್ವ ಅದರಲ್ಲಿ ಒಂದಿಷ್ಟನ್ನು ಅಲೋಲ್ಯಾಕ್ಟೋಸ್ ಆಗಿ ಬದಲಿಸುತ್ತದೆ. ಇದು ರೆಪ್ರೆಸರ್‌ಗೆ ಅಂಟಿಕೊಂಡಾಗ ಅದರ ಆಕಾರ ಬದಲಾಗಿ, ಡಿಎನ್‌ಎ ಮೇಲಿನ ಹಿಡಿತ ಸಡಿಲವಾಗುತ್ತದೆ. ದಾರಿ ತೆರೆದು, ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರಬಲ್ಲದು.

ಗ್ಲೂಕೋಸ್ ಇದ್ದರೆ?

ಆಗ ಲ್ಯಾಕ್ಟೋಸ್ ಇದ್ದರೂ ಸ್ವಿಚ್ ಸರಿಯಾಗಿ ಆನ್ ಆಗುವುದಿಲ್ಲ. ಗ್ಲೂಕೋಸ್ ಒಳಗೆ ಬರುತ್ತಿರುವಾಗ ಲ್ಯಾಕ್ಟೋಸಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲದೆ, ಜೀನ್ ಓದುವ ಯಂತ್ರವನ್ನು ಬಲವಾಗಿ ಎಳೆದು ತರಲು ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಬೇಕು. ಗ್ಲೂಕೋಸ್ ಇರುವಾಗ ಅದು ಕಡಿಮೆ ಇರುತ್ತದೆ. ಎರಡೂ ಸಕ್ಕರೆ ಒಟ್ಟಿಗೆ ಕೊಟ್ಟರೆ ಇ. ಕೋಲಿ ಮೊದಲು ಗ್ಲೂಕೋಸ್ ಖಾಲಿ ಮಾಡುತ್ತದೆ. ನಂತರ ಬೆಳವಣಿಗೆ ಕೆಲ ಹೊತ್ತು ನಿಲ್ಲುತ್ತದೆ. ಲ್ಯಾಕ್ ಕಿಣ್ವಗಳು ತಯಾರಾದ ಮೇಲೆ ಮತ್ತೆ ಶುರುವಾಗುತ್ತದೆ. ಮೊನೊ ಅವರನ್ನು ಈ ಸಂಶೋಧನೆಗೆ ಎಳೆದದ್ದೇ ಈ ವಿರಾಮ.

ಪರೀಕ್ಷೆಯಲ್ಲಿ ಗ್ಲೂಕೋಸ್ ಬಳಸದಿರಲು ಇನ್ನೊಂದು ಕಾರಣವೂ ಇದೆ. ಗ್ಲೂಕೋಸನ್ನು ಬಹಳಷ್ಟು ಬ್ಯಾಕ್ಟೀರಿಯಾಗಳು ತಿಂದು ಆಮ್ಲ ಮಾಡುತ್ತವೆ. ಅದನ್ನು ಹಾಕಿದರೆ ಯಾವುದು ಯಾವುದೆಂದು ಬೇರ್ಪಡಿಸಲಾಗದು. ಲ್ಯಾಕ್ಟೋಸ್ ಮಾತ್ರ ಇದ್ದಾಗ, ಅದನ್ನು ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ ಮತ್ತು ಮಿಶ್ರಣದಲ್ಲಿರುವ ಬಣ್ಣದ ವಸ್ತು ಆಮ್ಲಕ್ಕೆ ಗುಲಾಬಿಯಾಗುತ್ತದೆ. ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಇಟ್ಟರೆ ತಟ್ಟೆಯ ಮೇಲೆ ಗುಲಾಬಿ ಚುಕ್ಕೆಗಳು ಕಾಣುತ್ತವೆ.

ಈ ಪರೀಕ್ಷೆಗೆ ಸಿಗದಿರುವುದು

ಗುಲಾಬಿ ಚುಕ್ಕೆಯೆಲ್ಲ ಇ. ಕೋಲಿ ಅಲ್ಲ. ಮಣ್ಣಿನಲ್ಲಿ, ಗಿಡಗಳ ಮೇಲೆ ಇರುವ ಕ್ಲೆಬ್ಸಿಯೆಲ್ಲಾ ಕೂಡ ಲ್ಯಾಕ್ಟೋಸ್ ತಿನ್ನುತ್ತದೆ. ಹಾಗಾಗಿ ಇ. ಕೋಲಿ ಹೌದೇ ಎಂದು ಖಚಿತಪಡಿಸಲು ಇನ್ನೊಂದು ಪರೀಕ್ಷೆ ಮಾಡುತ್ತಾರೆ.

ತದ್ವಿರುದ್ಧವೂ ನಿಜ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಮತ್ತು ರಕ್ತಭೇದಿ ತರುವ ಶಿಗೆಲ್ಲಾದ ಹೆಚ್ಚಿನ ತಳಿಗಳು ಲ್ಯಾಕ್ಟೋಸ್ ತಿನ್ನುವುದಿಲ್ಲ. ಅವುಗಳ ಚುಕ್ಕೆಗಳಿಗೆ ಬಣ್ಣ ಬರುವುದಿಲ್ಲ. ಆದ್ದರಿಂದ ‘ಕೋಲಿಫಾರ್ಮ್ ಪತ್ತೆಯಾಗಿಲ್ಲ’ ಎಂಬ ವರದಿಯ ಅರ್ಥ, ಆ ದಿನ, ಆ ನಲ್ಲಿಯಿಂದ ಹಿಡಿದ ನೀರಿನಲ್ಲಿ ಮಲ ಸೇರಿರುವ ಸೂಚನೆ ಸಿಕ್ಕಿಲ್ಲ ಎಂದಷ್ಟೇ. ಪ್ರತಿಯೊಂದು ರೋಗಾಣುವನ್ನೂ ಹುಡುಕಿ ನೋಡಲಾಗಿದೆ ಎಂದಲ್ಲ. ಹಳೆಯ ವರದಿಯ ಫೋಟೋ ಗ್ರೂಪಿನಲ್ಲಿ ಬಂದರೆ ಮೊದಲು ದಿನಾಂಕ ಮತ್ತು ಮಾದರಿ ತೆಗೆದ ಜಾಗ ನೋಡಿ. ಅದಾದ ಮೇಲೆ ಪೈಪ್ ಒಡೆದಿದ್ದರೆ ಆ ವರದಿ ಇವತ್ತಿನ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ.